ಸ್ಪಾನ್ಸರ್‌ಗೆ ಕಾರ್ಯಕ್ರಮದ ವರದಿ ಬರೆಯುವುದು ಹೇಗೆ: ನೋಂದಣಿ, ಹಾಜರಾತಿ, ಅಭಿಪ್ರಾಯ, ಎಲ್ಲಾ ಲೆಕ್ಕ ಸಮೇತ

ಕೆಲವು ವರ್ಷಗಳ ಹಿಂದೆ ನಮ್ಮ ಗುಂಪು ಒಂದು ದಿನದ ಕಾರ್ಯಕ್ರಮ ಮುಗಿಸಿ ಸ್ಪಾನ್ಸರ್ ಕಂಪನಿಗೆ ವರದಿ ಕಳಿಸಿತ್ತು. "600ಕ್ಕೂ ಹೆಚ್ಚು ಮಂದಿ" ಅಂತ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿದ್ದೆವು. ಎರಡು ದಿನ ಬಿಟ್ಟು ಆ ಕಂಪನಿಯ ಮೇಡಂ ಫೋನ್ ಮಾಡಿದರು. ಬೈಯಲಿಲ್ಲ. "ಹಾಲ್‌ನಲ್ಲಿ ಕುರ್ಚಿ 350 ಇದ್ದವು ಅಲ್ವಾ, ಅದರಲ್ಲೂ ಹಿಂದಿನ ಸಾಲುಗಳು ಖಾಲಿ ಇದ್ದವು, ಈ 600 ಎಲ್ಲಿಂದ ಬಂತು?" ಅಂತ ಕೇಳಿದರು, ಅಷ್ಟೇ. ಆ 600 ಫಾರ್ಮ್‌ನಲ್ಲಿದ್ದ ಸಾಲುಗಳ ಸಂಖ್ಯೆ. ಸುಳ್ಳು ಹೇಳೋಣ ಅಂತ ನಾವು ಬರೆದಿರಲಿಲ್ಲ. ಯಾವ ಅಂಕಿ ಏನನ್ನು ಹೇಳುತ್ತದೆ ಅಂತ ಕೂತು ಯೋಚಿಸಿರಲಿಲ್ಲ.

ಸ್ಪಾನ್ಸರ್ ಕಡೆಯವರು ಆ ದಿನ ಸ್ಟಾಲ್‌ನಲ್ಲಿ ನಿಂತು ಎಲ್ಲವನ್ನೂ ನೋಡಿರುತ್ತಾರೆ ಅನ್ನುವುದು ನೆನಪಿರಲಿ. ವರದಿ ಅವರ ಕಣ್ಣು ಕಂಡದ್ದಕ್ಕೆ ಹೊಂದಿಕೆಯಾಗಬೇಕು. ಹೊಂದದಿದ್ದರೆ ಮಿಕ್ಕ ಯಾವ ಪುಟವನ್ನೂ ಅವರು ನಂಬುವುದಿಲ್ಲ.

ಒಂದು ಉದಾಹರಣೆ ಹಿಡಿದು ಮೊದಲಿಂದ ಕೊನೆವರೆಗೂ ಹೋಗೋಣ. ಮೈಸೂರಿನಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮತ್ತು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಶನಿವಾರ ಇಡೀ ದಿನದ ಒಂದು ಟೆಕ್ ಕಾರ್ಯಕ್ರಮ. ಪ್ರವೇಶ ಉಚಿತ, ಮಧ್ಯಾಹ್ನ ಊಟ ಇದೆ. ಒಬ್ಬ ಗೋಲ್ಡ್ ಸ್ಪಾನ್ಸರ್, ಇಬ್ಬರು ಸಣ್ಣ ಸ್ಪಾನ್ಸರ್. ಲೆಕ್ಕ ಅರ್ಥವಾಗಲಿ ಅಂತ ಅಂಕಿಗಳನ್ನು ನಾನೇ ಹೊಂದಿಸಿದ್ದೇನೆ, ಆದರೆ ತೊಡಕುಗಳೆಲ್ಲ ನಿಜವಾಗಿ ಎದುರಾದವೇ.

ಬರೆಯುವ ಮೊದಲು ಪ್ರಪೋಸಲ್ ತೆಗೆದು ಓದಿ

ಹಣ ಕೇಳುವಾಗ ನೀವು ಕಳಿಸಿದ ಪ್ರಪೋಸಲ್ ಇದೆಯಲ್ಲ, ಅದನ್ನು ಮತ್ತೆ ತೆರೆಯಿರಿ. ಅಲ್ಲಿ ಏನೇನು ಮಾತು ಕೊಟ್ಟಿದ್ದೀರಿ ಅಂತ ಒಂದು ಹಾಳೆಯಲ್ಲಿ ಇಳಿಸಿಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಗೋಲ್ಡ್ ಸ್ಪಾನ್ಸರ್‌ಗೆ ಹೇಳಿದ್ದು ಇಷ್ಟು: ವೇದಿಕೆಯ ಬ್ಯಾನರ್‌ನಲ್ಲಿ ಲೋಗೋ, ಎರಡು ಟೇಬಲ್‌ನ ಸ್ಟಾಲ್, 20 ನಿಮಿಷದ ಮಾತು, ನೋಂದಾಯಿಸಿದವರಿಗೆ ಹೋಗುವ ಒಂದು ಮೇಲ್‌ನಲ್ಲಿ ಅವರ ಲಿಂಕ್. ಜೊತೆಗೆ "ಸುಮಾರು 400 ಮಂದಿ ಬರುವ ನಿರೀಕ್ಷೆ" ಅನ್ನುವ ಸಾಲು.

ಎಲ್ಲರೂ ಮರೆಯುವುದು ಆ ಕೊನೆಯ ಸಾಲನ್ನೇ. ಸ್ಪಾನ್ಸರ್ ಮರೆತಿರುವುದಿಲ್ಲ. ಅವರ ಆಫೀಸಿನಲ್ಲಿ ಹಣ ಮಂಜೂರು ಮಾಡಿಸಿಕೊಂಡವರು ಆ 400 ತೋರಿಸಿಯೇ ಮಾಡಿಸಿಕೊಂಡಿರುತ್ತಾರೆ. ನಿಮ್ಮ ವರದಿಯನ್ನು ಅವರು ತಮ್ಮ ಮೇಲಿನವರಿಗೆ ಕಳಿಸಬೇಕು, ಆಗ ಅವರಿಗೆ ಬರುವ ಮೊದಲ ಪ್ರಶ್ನೆ ಇದೇ. ಹಾಗಾಗಿ ವರದಿಯ ಮೊದಲ ಪುಟ ಈ 400ಕ್ಕೆ ಉತ್ತರ ಕೊಡಬೇಕು, ಅಂಕಿ ಕಡಿಮೆಯಾಗಿದ್ದರೂ ಸರಿ.

ನೋಂದಣಿ: ಸಾಲುಗಳನ್ನು ಜನರನ್ನಾಗಿ ಮಾಡುವುದು

ಗೂಗಲ್ ಫಾರ್ಮ್‌ನ ಶೀಟ್ ತೆರೆದರೆ 684 ಸಾಲು ಇವೆ ಅಂದುಕೊಳ್ಳಿ. 684 ಸಾಲು ಅಂದರೆ 684 ಜನ ಅಂತ ಅರ್ಥವಲ್ಲ. ಮೊದಲು ಆ ಶೀಟ್‌ನ ಒಂದು ಪ್ರತಿ ಮಾಡಿಕೊಳ್ಳಿ, ಮೂಲವನ್ನು ಮುಟ್ಟಬೇಡಿ. ಪ್ರತಿಯಲ್ಲೂ ಯಾವ ಸಾಲನ್ನೂ ಅಳಿಸಬೇಡಿ. ಸ್ಥಿತಿ ಬರೆಯಲು ಒಂದು ಹೊಸ ಕಾಲಂ ಮಾಡಿ, ಪ್ರತಿ ಸಾಲಿಗೂ ಒಂದು ಗುರುತು ಹಾಕುತ್ತಾ ಹೋಗಿ: `test`, `dup`, `team`, `cancel`, `ok`. ಅಳಿಸಿಬಿಟ್ಟರೆ ಆಮೇಲೆ ಯಾರಾದರೂ "684 ಇದ್ದದ್ದು 576 ಹೇಗಾಯಿತು?" ಅಂದಾಗ ತೋರಿಸಲು ಏನೂ ಉಳಿದಿರುವುದಿಲ್ಲ.

ಒಬ್ಬರೇ ಎರಡು ಸಲ ತುಂಬಿದ್ದನ್ನು ಹಿಡಿಯುವುದೇ ಜಾಸ್ತಿ ಕೆಲಸ. ಮೇಲ್ ವಿಳಾಸ ನೋಡಿ ಹುಡುಕಿದರೆ ಸಾಲದು, ಒಂದು ಸಲ ಕಾಲೇಜಿನ ಮೇಲ್, ಇನ್ನೊಂದು ಸಲ ಸ್ವಂತ ಮೇಲ್ ಕೊಟ್ಟಿರುತ್ತಾರೆ. ಮೊಬೈಲ್ ನಂಬರ್ ಹೆಚ್ಚು ನಂಬಿಕೆಯದು. ಆದರೆ ಅದನ್ನೂ ಒಬ್ಬರು +91 ಹಾಕಿ, ಇನ್ನೊಬ್ಬರು ಸೊನ್ನೆ ಹಾಕಿ, ಮತ್ತೊಬ್ಬರು ನಡುವೆ ಜಾಗ ಬಿಟ್ಟು ಬರೆದಿರುತ್ತಾರೆ. ಅಂಕಿಗಳನ್ನು ಮಾತ್ರ ಇಟ್ಟುಕೊಂಡು ಕೊನೆಯ 10 ತೆಗೆದರೆ ಎಲ್ಲಾ ಒಂದೇ ರೂಪಕ್ಕೆ ಬರುತ್ತವೆ. ನಂಬರ್ C ಕಾಲಂನಲ್ಲಿ ಇದ್ದರೆ F ಕಾಲಂನಲ್ಲಿ ಹೀಗೆ ಬರೆಯಿರಿ:

```
=RIGHT(REGEXREPLACE(TO_TEXT(C2),"[^0-9]",""),10)
```

ಅದರ ಪಕ್ಕ ಒಂದು ಖಾಲಿ ಕಾಲಂನಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=COUNTIF(F$2:F2,F2)>1
```

ಅದೇ ನಂಬರ್ ಎರಡನೇ ಸಲ ಬಂದ ಕಡೆ `TRUE` ಅಂತ ಬರುತ್ತದೆ. ಕೂಡಲೇ ಎಲ್ಲದಕ್ಕೂ `dup` ಹಾಕಬೇಡಿ, ಹೆಸರು ನೋಡಿ. ಅಕ್ಕ ತಂಗಿ ಇಬ್ಬರೂ ಮನೆಯ ಒಂದೇ ನಂಬರ್ ಕೊಟ್ಟಿರಬಹುದು, ಹಾಸ್ಟೆಲಿನ ಒಬ್ಬ ಹುಡುಗ ತನ್ನ ನಂಬರ್‌ನಲ್ಲೇ ನಾಲ್ಕು ಗೆಳೆಯರ ಹೆಸರು ತುಂಬಿರಬಹುದು. ಹೆಸರು ಬೇರೆ ಇದ್ದರೆ ಅದು ಬೇರೆ ಜನ. ಕೆಲವು ಡಜನ್ ಸಾಲು ಕಣ್ಣಲ್ಲಿ ನೋಡುವುದಕ್ಕೆ ಅರ್ಧ ಗಂಟೆ ಸಾಕು.

ಹೀಗೆ ಮಾಡಿದಾಗ ನಮ್ಮ 684ರಲ್ಲಿ 9 ಸಾಲು ಫಾರ್ಮ್ ಕೆಲಸ ಮಾಡುತ್ತಾ ಅಂತ ನಾವೇ ತುಂಬಿ ನೋಡಿದವು. 41 ಎರಡನೇ ಸಲ ತುಂಬಿದವು. 22 ನಮ್ಮ ಸಂಘಟಕರು, ಸ್ವಯಂಸೇವಕರು, ಭಾಷಣಕಾರರು ತುಂಬಿದವು. ಇನ್ನು 36 ಮಂದಿ ಬರಲು ಆಗುವುದಿಲ್ಲ ಅಂತ ಮುಂಚೆಯೇ ತಿಳಿಸಿದ್ದರು. ಉಳಿದದ್ದು 576. ವರದಿಯಲ್ಲಿ "ಖಚಿತ ನೋಂದಣಿ" ಅಂತ ಬರೆಯಬೇಕಾದ್ದು ಇದನ್ನೇ. 684ರಿಂದ 576ಕ್ಕೆ ಹೇಗೆ ಬಂದಿರಿ ಅನ್ನುವುದನ್ನೂ ಕೆಳಗೆ ಒಂದೇ ಸಾಲಿನಲ್ಲಿ ಕೊಡಿ.

ಕಾರ್ಯಕ್ರಮ ತುಂಬಿದ ಮೇಲೆ ವೇಟಿಂಗ್ ಲಿಸ್ಟ್ ಮಾಡಿದ್ದರೆ, ಸೀಟು ಸಿಗದವರನ್ನು ಈ 576ರಲ್ಲಿ ಸೇರಿಸಬೇಡಿ. ಅದು ಬೇರೆ ಅಂಕಿ, ಬೇರೆಯಾಗಿಯೇ ಹೇಳಿ. ಮುಂದಿನ ಸಲ ದೊಡ್ಡ ಹಾಲ್ ಬೇಕು ಅಂತ ಸ್ಪಾನ್ಸರ್ ಹತ್ತಿರ ಕೇಳುವುದಕ್ಕೆ ಅದು ಉಪಯೋಗಕ್ಕೆ ಬರುತ್ತದೆ.

ಹಾಜರಾತಿ: ಒಂದೇ ದಿನಕ್ಕೆ ಐದು ಉತ್ತರ

ಹಾಜರಾತಿ ಪ್ರಮಾಣ ಅಂದರೆ ಸುಲಭ, ಬಂದವರನ್ನು ನೋಂದಾಯಿಸಿದವರಿಂದ ಭಾಗಿಸಿದರಾಯಿತು ಅನ್ನಿಸುತ್ತದೆ. ಕಷ್ಟ ಶುರುವಾಗುವುದು "ಬಂದವರು" ಯಾರು ಅನ್ನುವಲ್ಲಿ.

ಆ ದಿನ ಬಾಗಿಲಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಒಳಗೆ ಬಿಟ್ಟವರು 307. ಹೆಸರು ಪಟ್ಟಿಯಲ್ಲಿ ಸಿಗದೆ ಸ್ಪಾಟ್ ನೋಂದಣಿ ಮಾಡಿಸಿಕೊಂಡವರು 58. ಮೊದಲು ಈ 58ನ್ನು ಸರಿ ಮಾಡಬೇಕು, ಏಕೆಂದರೆ ಬೆಳಗ್ಗೆ ಒಂಬತ್ತೂವರೆಗೆ ಡೆಸ್ಕ್ ಮುಂದೆ ಉದ್ದ ಸಾಲು ನಿಂತಾಗ, ಫೋನ್‌ನಲ್ಲಿ ನೆಟ್‌ವರ್ಕ್ ಬರದೆ ಕ್ಯೂಆರ್ ತೆರೆಯದವರನ್ನೆಲ್ಲ ಸ್ವಯಂಸೇವಕರು ಸ್ಪಾಟ್ ಪಟ್ಟಿಯಲ್ಲೇ ಬರೆದು ಕಳಿಸಿಬಿಡುತ್ತಾರೆ. ಅದು ಅವರ ತಪ್ಪಲ್ಲ, ಸಾಲು ಕರಗಬೇಕಲ್ಲ. ಸ್ಪಾಟ್ ಪಟ್ಟಿಯ ನಂಬರ್‌ಗಳನ್ನೂ ಮೇಲಿನ ಹಾಗೆ 10 ಅಂಕಿಗೆ ತಂದು B ಕಾಲಂನಲ್ಲಿಟ್ಟು, ಮುಖ್ಯ ಶೀಟ್‌ನ ಹೆಸರು `Reg` ಅಂತ ಇದ್ದರೆ ಹೀಗೆ ಹುಡುಕಿ:

```
=COUNTIF(Reg!F$2:F,B2)>0
```

ನಮ್ಮ 58ರಲ್ಲಿ 11 ಮಂದಿ ಮುಂಚೆಯೇ ನೋಂದಾಯಿಸಿದವರು ಅಂತ ಸಿಕ್ಕಿತು. ಅವರನ್ನು ಆ ಕಡೆಗೆ ಸೇರಿಸಿದರೆ, ನೋಂದಾಯಿಸಿ ಬಂದವರು 318, ನೋಂದಾಯಿಸದೆ ನೇರವಾಗಿ ಬಂದವರು 47. ಒಟ್ಟು ಸಭಿಕರು 365. ಇವರಲ್ಲದೆ ಸಂಘಟಕರು, ಸ್ವಯಂಸೇವಕರು, ಭಾಷಣಕಾರರು ಸೇರಿ 38 ಮಂದಿ. ಹಾಲ್ ಒಳಗೆ ಕಾಲಿಟ್ಟವರು ಒಟ್ಟು 403.

ಈಗ ನೋಡಿ. 403ನ್ನು 576ರಿಂದ ಭಾಗಿಸಿದರೆ 70%. 365ನ್ನು 576ರಿಂದ ಭಾಗಿಸಿದರೆ 63%. 318ನ್ನು 576ರಿಂದ ಭಾಗಿಸಿದರೆ 55%. ಬರುವುದಿಲ್ಲ ಅಂದವರನ್ನೂ ಸೇರಿಸಿ 612ರಿಂದ ಭಾಗಿಸಿದರೆ 52%. ಸ್ವಚ್ಛ ಮಾಡದ 684ರಿಂದ ಭಾಗಿಸಿದರೆ 46%. ಐದೂ ಅದೇ ಹಾಲ್, ಅದೇ ಶನಿವಾರ. ಎರಡು ತಂಡ ಎರಡು ರೀತಿ ಲೆಕ್ಕ ಹಾಕಿ ಹೋಲಿಸಿಕೊಂಡರೆ ಏನೂ ತಿಳಿಯುವುದಿಲ್ಲ.

ನಾನು ಬಳಸುವುದು 55%. ಕಾರಣ ಇಷ್ಟೇ, ಮೇಲಿನ ಅಂಕಿಯಲ್ಲಿ ಇರುವವರೆಲ್ಲ ಕೆಳಗಿನ ಅಂಕಿಯಲ್ಲೂ ಇರಬೇಕು. ನೋಂದಾಯಿಸದೆ ಬಂದ 47 ಮಂದಿ ಆ 576ರಲ್ಲಿ ಇಲ್ಲವೇ ಇಲ್ಲ, ಅವರನ್ನು ಮೇಲೆ ಸೇರಿಸಿದರೆ ಮುಂದೆ ಒಂದು ದಿನ 100% ದಾಟಿದ ಹಾಜರಾತಿ ಕೂಡ ಬರಬಹುದು. ಬರುವುದಿಲ್ಲ ಅಂತ ತಿಳಿಸಿದವರನ್ನು ಕೆಳಗಿನಿಂದ ತೆಗೆಯಬೇಕೋ ಬೇಡವೋ ಅನ್ನುವುದರಲ್ಲಿ ಎರಡು ಅಭಿಪ್ರಾಯ ಇದೆ. ಅವರು ತಿಳಿಸಿದ್ದರಿಂದ ಊಟದ ಲೆಕ್ಕ ಸರಿಯಾಯಿತು, ಸೀಟು ಬೇರೆಯವರಿಗೆ ಹೋಯಿತು, ಹಾಗಾಗಿ ನಾನು ತೆಗೆಯುತ್ತೇನೆ. ನೀವು ಇಟ್ಟುಕೊಂಡರೂ ತಪ್ಪಿಲ್ಲ, ಆದರೆ ಪ್ರತಿ ವರ್ಷ ಅದೇ ರೀತಿ ಮಾಡಿ, ಹೇಗೆ ಮಾಡಿದಿರಿ ಅಂತ ಅಂಕಿಯ ಕೆಳಗೇ ಬರೆಯಿರಿ. ಸ್ಥಿತಿ G ಕಾಲಂನಲ್ಲಿ, ಬಂದವರಿಗೆ `Y` ಅಂತ H ಕಾಲಂನಲ್ಲಿ ಇದ್ದರೆ ಸೂತ್ರ ಇದು:

```
=COUNTIFS(G2:G,"ok",H2:H,"Y")/COUNTIF(G2:G,"ok")
```

ಸ್ಪಾಟ್ ಪಟ್ಟಿಯಲ್ಲಿ ಸಿಕ್ಕ ಆ 11 ಮಂದಿಗೂ ಮುಖ್ಯ ಶೀಟ್‌ನಲ್ಲಿ `Y` ಹಾಕಿದ ಮೇಲೆ ಇದನ್ನು ಓಡಿಸಿ. ಇನ್ನೊಂದು ಸಣ್ಣ ತೊಡಕು: ಬರುವುದಿಲ್ಲ ಅಂದವರು ಕೊನೆಗೆ ಬಂದೇ ಬಿಟ್ಟರೆ? ಅವರ ಗುರುತನ್ನು `cancel` ತೆಗೆದು `ok` ಮಾಡಿ, ಎರಡೂ ಕಡೆ ಎಣಿಕೆಗೆ ಬರುತ್ತಾರೆ.

ಉಚಿತ ಕಾರ್ಯಕ್ರಮದಲ್ಲಿ ಹೆಸರು ಕೊಟ್ಟವರಲ್ಲಿ ಅರ್ಧದಷ್ಟು ಮಂದಿ ಬರದೇ ಇರುವುದು ಅಪರೂಪವೇನಲ್ಲ. ಸ್ಪಾನ್ಸರ್‌ಗಳಿಗೂ ಇದು ಗೊತ್ತು. 55% ನೋಡಿ ಅವರು ಗಾಬರಿ ಆಗುವುದಿಲ್ಲ. 70% ನೋಡಿ ಅನುಮಾನ ಪಡುತ್ತಾರೆ.

ಬೇರೆ ಕಡೆಯಿಂದ ತಾಳೆ ನೋಡುವುದು

ಸ್ಕ್ಯಾನ್ ಲೆಕ್ಕ ಒಂದನ್ನೇ ನೆಚ್ಚಿಕೊಳ್ಳಬೇಡಿ. ಇನ್ನೆರಡು ಲೆಕ್ಕ ಸುಮ್ನೆ ಸಿಗುತ್ತವೆ. ಒಂದು ಬ್ಯಾಡ್ಜ್ ದಾರ. 450 ತಂದಿದ್ದೆವು, ಸಂಜೆ 41 ಉಳಿದವು, ಅಂದರೆ 409 ಹೋಗಿವೆ. 403ಕ್ಕೆ ಹತ್ತಿರ ಇದೆ, ಕಿತ್ತುಹೋದದ್ದು, ಎರಡನೇ ಸಲ ಕೇಳಿ ತೆಗೆದುಕೊಂಡದ್ದು ಅಂತ ಆರೇಳು ಹೆಚ್ಚು ಕಡಿಮೆ ಇರುತ್ತದೆ. ಇನ್ನೊಂದು ಊಟದ ತಟ್ಟೆ. ಅಡುಗೆಯವರು ತಟ್ಟೆ ಲೆಕ್ಕ ಇಟ್ಟೇ ಇಡುತ್ತಾರೆ, ಅವರ ಹಣ ಅದರ ಮೇಲೆ ನಿಂತಿದೆ. ಅವರು 388 ಅಂದರು. ಊಟಕ್ಕೆ ಮುಂಚೆ ಹೊರಟವರು, ಊಟ ಆದ ಮೇಲೆ ಬಂದವರು ಇರುತ್ತಾರೆ, ಹಾಗಾಗಿ 403ಕ್ಕಿಂತ ತುಸು ಕಡಿಮೆ ಇರುವುದು ಸರಿಯೇ.

ತಟ್ಟೆ 290 ಬಂದಿದ್ದರೆ ನಾನು ನಿಲ್ಲುತ್ತಿದ್ದೆ. ಆಗ ಒಂದೋ ಸ್ಕ್ಯಾನ್ ಮಾಡಿಸಿಕೊಂಡು ಕಿಟ್ ತೆಗೆದುಕೊಂಡು ಹೊರಟವರು ತುಂಬಾ ಮಂದಿ, ಇಲ್ಲವೇ ಒಬ್ಬನೇ ಗೆಳೆಯರ ಕ್ಯೂಆರ್‌ಗಳನ್ನೂ ತೋರಿಸಿ ಹಾಜರಿ ಹಾಕಿಸಿದ್ದಾನೆ. ಕಾಲೇಜಿನಲ್ಲಿ ಹಾಜರಾತಿ ಕೊಡುತ್ತೇವೆ ಅಂದ ಕಾರ್ಯಕ್ರಮಗಳಲ್ಲಿ ಎರಡನೆಯದನ್ನು ಕಂಡಿದ್ದೇನೆ. ಸ್ಕ್ಯಾನ್ ಆದ ಸಮಯ ನೋಡಿ: ಒಂದೇ ಡೆಸ್ಕ್‌ನಲ್ಲಿ ಒಂದೇ ಕಾಲೇಜಿನ ಏಳೆಂಟು ಹೆಸರು ಮೂರು ನಾಲ್ಕು ಸೆಕೆಂಡ್ ಅಂತರದಲ್ಲಿ ಬಂದಿದ್ದರೆ ವಿಷಯ ಗೊತ್ತಾಗುತ್ತದೆ.

ಮೂರನೆಯದು ತಲೆ ಎಣಿಕೆ. ಇದನ್ನು ಆ ದಿನವೇ ಮಾಡಬೇಕು, ಆಮೇಲೆ ಆಗುವುದಿಲ್ಲ. ಒಬ್ಬ ಸ್ವಯಂಸೇವಕರಿಗೆ ಇದೊಂದೇ ಕೆಲಸ ಕೊಡಿ: ಪ್ರತಿ ಮಾತು ಶುರುವಾಗಿ ಹತ್ತು ನಿಮಿಷಕ್ಕೆ ಹಾಲ್‌ನ ಹಿಂದಿನಿಂದ ಕೂತವರನ್ನು ಎಣಿಸಿ ಸಮಯದ ಜೊತೆ ಬರೆಯುವುದು, ಒಂದು ಫೋಟೋ ತೆಗೆಯುವುದು. ನಮ್ಮಲ್ಲಿ ಬೆಳಗ್ಗೆ 10:30ಕ್ಕೆ 312, 12:15ಕ್ಕೆ 340, ಮಧ್ಯಾಹ್ನ 2:45ಕ್ಕೆ 246, ಸಂಜೆ 4:30ಕ್ಕೆ 171.

ಗೋಲ್ಡ್ ಸ್ಪಾನ್ಸರ್ ಅವರ ಮಾತು ನಡೆಯುತ್ತಿದ್ದದ್ದು 2:45ಕ್ಕೆ. ಅವರ ಪುಟದಲ್ಲಿ ಬರೆಯಬೇಕಾದ್ದು 246, 365 ಬರೆಯಬಾರದು. ಅವರ ಭಾಷಣಕಾರರು ವೇದಿಕೆ ಮೇಲೆ ನಿಂತು ಖಾಲಿ ಕುರ್ಚಿಗಳನ್ನು ನೋಡಿದ್ದಾರೆ. ಊಟ ಆದ ಮೇಲೆ ಸುಮಾರು ನೂರು ಜನ ಕಡಿಮೆಯಾದರು ಅನ್ನುವುದನ್ನು ನೀವೇ ಹೇಳಿ, ಜೊತೆಗೆ ಮುಂದಿನ ಸಲ ಅವರ ಮಾತನ್ನು ಬೆಳಗ್ಗೆ ಹನ್ನೊಂದೂವರೆಗೆ ಇಡುತ್ತೇವೆ ಅಂತ ಹೇಳಿ. ನನ್ನ ಅನುಭವದಲ್ಲಿ ಆ ಒಂದು ಸಾಲು ಮತ್ತೆ ಹಣ ತಂದಷ್ಟು ಹೊಳಪಿನ ಫೋಟೋಗಳು ತಂದಿಲ್ಲ.

ಅಭಿಪ್ರಾಯ: 128 ಮಂದಿ 365 ಮಂದಿ ಆಗುವುದಿಲ್ಲ

ಸಂಜೆ ಕಾರ್ಯಕ್ರಮ ಮುಗಿಯುವಾಗ ಫಾರ್ಮ್‌ನ ಕ್ಯೂಆರ್ ಪರದೆ ಮೇಲೆ ಹಾಕಿದ್ದೆವು, ರಾತ್ರಿ ಎಲ್ಲರಿಗೂ ಮೇಲ್ ಕಳಿಸಿದ್ದೆವು. 128 ಮಂದಿ ತುಂಬಿದರು. 365ರಲ್ಲಿ 128 ಅಂದರೆ 35%. ಈ 35%ನ್ನು ವರದಿಯ ಅಭಿಪ್ರಾಯ ಭಾಗದ ಮೊದಲ ಸಾಲಾಗಿ ಬರೆಯಿರಿ. ಬಹಳಷ್ಟು ವರದಿಗಳಲ್ಲಿ ಇದು ಇರುವುದೇ ಇಲ್ಲ, "ಭಾಗವಹಿಸಿದವರಲ್ಲಿ 77% ಮೆಚ್ಚಿದರು" ಅಂತ ನೇರವಾಗಿ ಬಂದುಬಿಡುತ್ತದೆ.

ಆ 77% ಎಲ್ಲಿಂದ ಬಂತು ಅಂತ ನೋಡೋಣ. 5ಕ್ಕೆ ಎಷ್ಟು ಕೊಡುತ್ತೀರಿ ಅಂತ ಕೇಳಿದ್ದೆವು. 5 ಕೊಟ್ಟವರು 46, 4 ಕೊಟ್ಟವರು 52, 3 ಕೊಟ್ಟವರು 19, 2 ಕೊಟ್ಟವರು 8, 1 ಕೊಟ್ಟವರು 3. ಸರಾಸರಿ 4.0. ನಾಲ್ಕು ಅಥವಾ ಐದು ಕೊಟ್ಟವರು 98, ಅಂದರೆ 128ರಲ್ಲಿ 77%. ಸರಾಸರಿ ಒಂದನ್ನೇ ಕೊಡಬೇಡಿ, ಐದೂ ಅಂಕಿ ಕೊಡಿ. ಎಲ್ಲರೂ 4 ಕೊಟ್ಟರೂ ಸರಾಸರಿ 4.0, ಮುಕ್ಕಾಲು ಪಾಲು ಮಂದಿ 5 ಕೊಟ್ಟು ಕಾಲು ಪಾಲು ಮಂದಿ 1 ಕೊಟ್ಟರೂ 4.0. ಎರಡೂ ಬೇರೆ ಬೇರೆ ಕಾರ್ಯಕ್ರಮಗಳು.

ಈಗ ಮುಖ್ಯ ವಿಷಯ. ಫಾರ್ಮ್ ತುಂಬುವವರು ಯಾರು? ಕೊನೆವರೆಗೂ ಕೂತವರು, ಇಷ್ಟಪಟ್ಟವರು. ಬೇಜಾರಾಗಿ ಊಟ ಮುಗಿಸಿ ಬಸ್ ಹತ್ತಿದವರು ರಾತ್ರಿ ಬಂದ ಮೇಲ್ ತೆರೆಯುವುದು ಕಡಿಮೆ. ಇದನ್ನು ಅಳೆಯುವುದಕ್ಕೆ ಫಾರ್ಮ್‌ನಲ್ಲಿ ಒಂದು ಪ್ರಶ್ನೆ ಸೇರಿಸಿ ಸಾಕು: "ಎಷ್ಟು ಹೊತ್ತಿನವರೆಗೆ ಇದ್ದಿರಿ?" ನಮ್ಮ 128ರಲ್ಲಿ 94 ಮಂದಿ ಕೊನೆವರೆಗೂ ಇದ್ದೆವು ಅಂದರು, ಅದು 73%. ಆದರೆ ತಲೆ ಎಣಿಕೆ ಪ್ರಕಾರ ಕೊನೆಯಲ್ಲಿ ಇದ್ದವರು 365ರಲ್ಲಿ 171, ಅಂದರೆ 47%. ಫಾರ್ಮ್‌ನಲ್ಲಿ ಕೊನೆವರೆಗೂ ಇದ್ದವರ ದನಿ ಎಷ್ಟು ಜಾಸ್ತಿ ಆಗಿದೆ ಅಂತ ಇಲ್ಲಿ ಕಾಣುತ್ತದೆ ಅಲ್ವಾ?

ಇನ್ನೂ ಒಂದು ಹೆಜ್ಜೆ ಹೋಗಬಹುದು. ಕೊನೆವರೆಗೂ ಇದ್ದ 94ರಲ್ಲಿ 78 ಮಂದಿ ನಾಲ್ಕು ಅಥವಾ ಐದು ಕೊಟ್ಟಿದ್ದಾರೆ, 83%. ಮುಂಚೆ ಹೋದ 34ರಲ್ಲಿ 20 ಮಂದಿ ಮಾತ್ರ, 59%. ಹಾಲ್‌ನಲ್ಲಿ ನಿಜವಾಗಿ ಇದ್ದ ಪಾಲಿನ ಹಾಗೆ ಇವನ್ನು ಕೂಡಿಸಿ: 83ರ 47 ಪಾಲು 39, 59ರ 53 ಪಾಲು 31. ಒಟ್ಟು 70. ಅಂದರೆ 77%ಗಿಂತ 70% ನಿಜಕ್ಕೆ ಹತ್ತಿರ ಇರಬಹುದು. ಇದು ಅಂದಾಜು. 34 ಮಂದಿಯ ಮಾತಿನ ಮೇಲೆ ಸುಮಾರು 190 ಮಂದಿಯನ್ನು ಊಹಿಸುತ್ತಿದ್ದೇವೆ. ಅದಕ್ಕೇ ವರದಿಯಲ್ಲಿ 77% ಕೊಟ್ಟು, "ಉತ್ತರಿಸಿದವರಲ್ಲಿ ಕೊನೆವರೆಗೂ ಇದ್ದವರೇ ಹೆಚ್ಚು, ಅದನ್ನು ಸರಿದೂಗಿಸಿದರೆ 70%ರ ಸುತ್ತ" ಅಂತ ಪಕ್ಕದಲ್ಲೇ ಬರೆಯಿರಿ.

ಕೆಲವು ಕಂಪನಿಗಳು ನೆಟ್ ಪ್ರಮೋಟರ್ ಸ್ಕೋರ್, ಅಂದರೆ ಎನ್‌ಪಿಎಸ್ ಕೇಳುತ್ತವೆ. "ಗೆಳೆಯರಿಗೆ ಇದನ್ನು ಹೇಳುತ್ತೀರಾ?" ಅಂತ 0ರಿಂದ 10ರವರೆಗೆ ಕೇಳಿ, 9 ಮತ್ತು 10 ಕೊಟ್ಟವರ ಶೇಕಡಾದಿಂದ 0ರಿಂದ 6 ಕೊಟ್ಟವರ ಶೇಕಡಾ ಕಳೆಯುವುದು. 5ರ ಅಳತೆಯಲ್ಲಿ ಕೇಳಿ ಆಮೇಲೆ ಎರಡರಿಂದ ಗುಣಿಸಿ ಎನ್‌ಪಿಎಸ್ ಮಾಡಲು ಹೋಗಬೇಡಿ. ಬೇಕು ಅಂತ ಮುಂಚೆಯೇ ಗೊತ್ತಿದ್ದರೆ ಆ ಪ್ರಶ್ನೆಯನ್ನೇ ಹಾಗೇ ಕೇಳಿ.

ಸ್ಪಾನ್ಸರ್‌ಗೆ ನೇರವಾಗಿ ಬೇಕಾದ ಪ್ರಶ್ನೆ ಒಂದಿದೆ: ಅವರ ಹೆಸರು ಜನರ ನೆನಪಿನಲ್ಲಿ ಉಳಿಯಿತಾ? ಇದನ್ನು ಪಟ್ಟಿ ಕೊಟ್ಟು ಟಿಕ್ ಹಾಕಿಸಬೇಡಿ. ಪಟ್ಟಿ ನೋಡಿದರೆ ಎಲ್ಲರೂ ಎಲ್ಲದಕ್ಕೂ ಟಿಕ್ ಹಾಕುತ್ತಾರೆ. "ಈ ಕಾರ್ಯಕ್ರಮಕ್ಕೆ ನೆರವಾದ ಯಾವ ಕಂಪನಿಗಳ ಹೆಸರು ನೆನಪಿದೆ?" ಅಂತ ಖಾಲಿ ಜಾಗ ಬಿಡಿ, ಅದೂ ಫಾರ್ಮ್‌ನ ಮೇಲ್ಗಡೆ ಲೋಗೋ ಹಾಕದೆ. 128ರಲ್ಲಿ 71 ಮಂದಿ ತಾವಾಗಿಯೇ ಗೋಲ್ಡ್ ಸ್ಪಾನ್ಸರ್ ಹೆಸರು ಬರೆದರೆ ಅದಕ್ಕೆ ಬೆಲೆ ಇದೆ.

ಇನ್ನು ಜನ ಬರೆದ ಮಾತುಗಳು. ನಮ್ಮಲ್ಲಿ 83 ಮಂದಿ ಏನಾದರೂ ಬರೆದಿದ್ದರು. ಒಬ್ಬರು ಕೂತು ಎಲ್ಲವನ್ನೂ ಓದಿ, ಪಕ್ಕದ ಕಾಲಂನಲ್ಲಿ ವಿಷಯ ಬರೆಯುತ್ತಾ ಹೋಗಬೇಕು. ಒಂದು ಮಾತು ಎರಡು ವಿಷಯಕ್ಕೂ ಸೇರಬಹುದು. ಹೀಗೆ ಎಣಿಸಿದಾಗ ಸಮಯ ಮೀರಿತು ಅಂದವರು 21, ಹಿಂದಿನ ಸಾಲಿಗೆ ಮಾತು ಕೇಳಲಿಲ್ಲ ಅಂದವರು 17, ಊಟದ ಸಾಲು ಉದ್ದ ಆಯಿತು ಅಂದವರು 12. ಈ ಮೂರನ್ನೂ ವರದಿಯಲ್ಲಿ ಹಾಕಿ, ಪ್ರತಿಯೊಂದಕ್ಕೂ ಏನು ಮಾಡುತ್ತೀರಿ ಅಂತ ಒಂದೊಂದು ಸಾಲು ಬರೆಯಿರಿ. ಜನರ ಮಾತನ್ನು ಅವರದೇ ಪದಗಳಲ್ಲಿ ಮೂರು ನಾಲ್ಕು ಕೊಡಿ, ಕನ್ನಡದಲ್ಲಿ ಬರೆದಿದ್ದರೆ ಕನ್ನಡದಲ್ಲೇ ಇಟ್ಟು ಕೆಳಗೆ ಅನುವಾದ ಹಾಕಿ. ಅದರಲ್ಲಿ ಕನಿಷ್ಠ ಒಂದು ದೂರು ಇರಲಿ. ಹೆಸರು ಬೇಡ, "ಮೂರನೇ ವರ್ಷದ ವಿದ್ಯಾರ್ಥಿನಿ" ಅಂದರೆ ಸಾಕು.

ಯಾವ ಮಾಹಿತಿ ಕೊಡಬಾರದು

ಸ್ಪಾನ್ಸರ್ ಕಡೆಯವರು ಎಷ್ಟೋ ಸಲ "ಎಲ್ಲರ ನಂಬರ್, ಮೇಲ್ ಇರುವ ಎಕ್ಸೆಲ್ ಕಳಿಸಿಬಿಡಿ" ಅಂತ ಕೇಳುತ್ತಾರೆ. ಕಳಿಸಬೇಡಿ. ಜನ ನಂಬರ್ ಕೊಟ್ಟದ್ದು ಕಾರ್ಯಕ್ರಮಕ್ಕೆ ಬರುವುದಕ್ಕೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ ಇದೇ, ಯಾವ ಕೆಲಸಕ್ಕೆ ಒಪ್ಪಿಗೆ ಪಡೆದಿರೋ ಆ ಕೆಲಸಕ್ಕೆ ಮಾತ್ರ ಬಳಸಬೇಕು. ನೋಂದಣಿ ಫಾರ್ಮ್‌ನಲ್ಲೇ "ನನ್ನ ಮೇಲ್ ವಿಳಾಸವನ್ನು ಈ ಸ್ಪಾನ್ಸರ್‌ಗೆ ಕೊಡಬಹುದು" ಅಂತ ಬೇರೆಯಾಗಿ ಒಂದು ಪ್ರಶ್ನೆ ಇಟ್ಟು, ಮೊದಲೇ ಟಿಕ್ ಹಾಕಿರದೆ, ಅವರೇ ಹಾಕಿದ್ದರೆ ಅಷ್ಟು ಜನರದ್ದನ್ನು ಕೊಡಬಹುದು. ಫಾರ್ಮ್‌ನಲ್ಲಿ ಆ ಪ್ರಶ್ನೆ ಇರಲಿಲ್ಲ ಅಂದರೆ ಈಗ ಮಾಡುವುದಕ್ಕೆ ಏನೂ ಇಲ್ಲ, ಸ್ಪಾನ್ಸರ್ ಅವರ ಲಿಂಕ್ ಇರುವ ಒಂದು ಮೇಲ್ ನಾವೇ ಕಳಿಸಿಕೊಡುತ್ತೇವೆ ಅನ್ನಿ.

ಒಟ್ಟು ಅಂಕಿಗಳಲ್ಲೂ ಒಂದು ಎಚ್ಚರ ಬೇಕು. "ಇಂಥ ಕಾಲೇಜು, ನಾಲ್ಕನೇ ವರ್ಷ, ಮಹಿಳೆಯರು: 2" ಅಂತ ಬರೆದರೆ ಆ ಇಬ್ಬರು ಯಾರು ಅಂತ ಕಾಲೇಜಿನವರಿಗೆ ಗೊತ್ತಾಗಿಬಿಡುತ್ತದೆ. ಐದಕ್ಕಿಂತ ಕಡಿಮೆ ಬರುವ ಗುಂಪುಗಳನ್ನೆಲ್ಲ "ಇತರೆ" ಅಂತ ಸೇರಿಸಿಬಿಡಿ.

ಮೇಲ್‌ನ ಲೆಕ್ಕ ಕೊಡುವಾಗ ಎಷ್ಟು ಮಂದಿ ತೆರೆದರು ಅನ್ನುವುದಕ್ಕಿಂತ ಎಷ್ಟು ಮಂದಿ ಲಿಂಕ್ ಒತ್ತಿದರು ಅಂತ ಕೊಡಿ. 2021ರಿಂದ ಆ್ಯಪಲ್ ಮೇಲ್‌ನಲ್ಲಿ ಖಾಸಗಿತನದ ರಕ್ಷಣೆ ಹಾಕಿಕೊಂಡವರ ಮೇಲ್‌ಗಳು ಅವರು ಓದದಿದ್ದರೂ ತೆರೆದ ಹಾಗೆ ಲೆಕ್ಕಕ್ಕೆ ಬರುತ್ತವೆ.

ಪುಟಗಳನ್ನು ಜೋಡಿಸುವುದು

ಆರು ಪುಟ ಸಾಕು, ಪಿಡಿಎಫ್ ಮಾಡಿ. ಹೆಚ್ಚಿನ ಸಲ ವರದಿ ಇಂಗ್ಲಿಷ್‌ನಲ್ಲಿ ಹೋಗುತ್ತದೆ, ಆದರೆ ಜೋಡಣೆ ಯಾವ ಭಾಷೆಗೂ ಅದೇ. ಮೊದಲ ಪುಟ ಒಂದನ್ನೇ ಓದಿದರೂ ಪೂರ್ತಿ ವಿಷಯ ತಿಳಿಯಬೇಕು. ನಮ್ಮ ಮೊದಲ ಪುಟದ ಮಾತು ಹೀಗಿರುತ್ತದೆ:

> ಸುಮಾರು 400 ಮಂದಿ ಬರುತ್ತಾರೆ ಅಂತ ಅಂದಾಜಿಸಿದ್ದೆವು. 365 ಮಂದಿ ಬಂದರು. ಖಚಿತ ನೋಂದಣಿ 576, ಅವರಲ್ಲಿ ಬಂದವರು 318 (ಹಾಜರಾತಿ 55%). ನೋಂದಾಯಿಸದೆ ನೇರವಾಗಿ ಬಂದವರು 47. ಸಂಘಟಕರು, ಸ್ವಯಂಸೇವಕರು, ಭಾಷಣಕಾರರು ಈ ಲೆಕ್ಕದಲ್ಲಿ ಇಲ್ಲ. ನಿಮ್ಮ ಮಾತಿನ ಸಮಯದಲ್ಲಿ ಹಾಲ್‌ನಲ್ಲಿ ಕೂತಿದ್ದವರು 246. ಅಭಿಪ್ರಾಯ ತಿಳಿಸಿದವರು 128 (35%), ಅವರಲ್ಲಿ 98 ಮಂದಿ 5ಕ್ಕೆ 4 ಅಥವಾ 5 ಕೊಟ್ಟಿದ್ದಾರೆ, 71 ಮಂದಿ ಪಟ್ಟಿ ನೋಡದೆ ನಿಮ್ಮ ಹೆಸರು ಬರೆದಿದ್ದಾರೆ.

400 ಮುಟ್ಟದೇ ಇರುವುದಕ್ಕೆ ಕಾರಣ ಹೇಳಬೇಕಾ? ಆಧಾರ ಇದ್ದರೆ ಹೇಳಿ. ನಾವು ಬರದೇ ಇದ್ದವರಿಗೆ ಒಂದೇ ಪ್ರಶ್ನೆಯ ಫಾರ್ಮ್ ಕಳಿಸುತ್ತೇವೆ: "ಯಾಕೆ ಬರಲು ಆಗಲಿಲ್ಲ?" ಉತ್ತರ ಕೊಟ್ಟವರಲ್ಲಿ ಹೆಚ್ಚಿನವರು ಸೋಮವಾರ ಇಂಟರ್ನಲ್ಸ್ ಇತ್ತು ಅಂದರೆ ಅದು ಕಾರಣ. ಏನೂ ಕೇಳದೆ "ಮಳೆಯಿಂದಾಗಿ" ಅಂತ ಬರೆಯುವುದು ಬೇಡ.

ಎರಡನೇ ಪುಟ ನೋಂದಣಿ, ಮೂರನೇ ಪುಟ ಹಾಜರಾತಿ ಮತ್ತು ಪ್ರತಿ ಮಾತಿನ ತಲೆ ಎಣಿಕೆ, ನಾಲ್ಕನೆಯದು ಅಭಿಪ್ರಾಯ. ಐದನೇ ಪುಟ ಮಾತ್ರ ಪ್ರತಿ ಸ್ಪಾನ್ಸರ್‌ಗೂ ಬೇರೆ ಬೇರೆ. ಎಡಗಡೆ ಕೊಟ್ಟ ಮಾತು, ಬಲಗಡೆ ಆದದ್ದು, ಪಕ್ಕದಲ್ಲಿ ಫೋಟೋ. ಲೋಗೋ ಇರುವ ಬ್ಯಾನರ್ ಜನರ ಜೊತೆ ಕಾಣುವ ಫೋಟೋ ಬೇಕು, ಖಾಲಿ ವೇದಿಕೆಯದ್ದು ಬೇಡ. ಸ್ಟಾಲ್‌ಗೆ ಎಷ್ಟು ಜನ ಬಂದರು ಅನ್ನುವುದನ್ನು ನೀವು ಊಹಿಸಬೇಡಿ, ಅವರ ಸ್ಟಾಲ್‌ನಲ್ಲಿದ್ದವರನ್ನೇ ಕೇಳಿ ಆ ಅಂಕಿ ಹಾಕಿ. ಮಾಡಲು ಆಗದೇ ಉಳಿದದ್ದು ಏನಾದರೂ ಇದ್ದರೆ ಅದನ್ನೂ ಇದೇ ಪುಟದಲ್ಲಿ ಬರೆದು, ಬದಲಿಗೆ ಏನು ಕೊಡುತ್ತೀರಿ ಅಂತ ಹೇಳಿ. ಆರನೇ ಪುಟದಲ್ಲಿ ಹಣ ಯಾವುದಕ್ಕೆ ಹೋಯಿತು ಅಂತ ದೊಡ್ಡ ಐದಾರು ಬಾಬ್ತು, ಮತ್ತು ಮುಂದಿನ ಸಲದ ಬದಲಾವಣೆ. ಕೊನೆಗೆ "ಎಣಿಸಿದ ರೀತಿ" ಅಂತ ಐದು ಸಾಲು: ಯಾರನ್ನು ಸೇರಿಸಿದಿರಿ, ಯಾರನ್ನು ಬಿಟ್ಟಿರಿ, ಯಾವ ತಾರೀಖಿನ ಶೀಟ್ ನೋಡಿ ಬರೆದಿರಿ.

ಹೋದ ವರ್ಷದ ಜೊತೆ ಹೋಲಿಸುವ ಆಸೆ ಆಗುತ್ತದೆ. ಹೋದ ವರ್ಷದ ಶೀಟ್ ಇದ್ದರೆ ಅದನ್ನೂ ಇದೇ ರೀತಿ ಮತ್ತೆ ಎಣಿಸಿ, ಹಳೆಯ ವರದಿಯಲ್ಲಿದ್ದ ಅಂಕಿಯನ್ನು ಹಾಗೇ ಎತ್ತಿ ಹಾಕಬೇಡಿ. ಶೀಟ್ ಇಲ್ಲದಿದ್ದರೆ ಹೋಲಿಕೆ ಬಿಟ್ಟುಬಿಡಿ.

ಸಮಯದ ವಿಷಯ. ಸೋಮವಾರ ಬೆಳಗ್ಗೆಯೇ ಧನ್ಯವಾದದ ಸಣ್ಣ ಮೇಲ್ ಕಳಿಸಿ: ಎರಡು ಫೋಟೋ, ಬಂದವರ ಸಂಖ್ಯೆ "ಅಂದಾಜು" ಅಂತ ಹೇಳಿ, ಪೂರ್ತಿ ವರದಿ ಯಾವ ತಾರೀಖಿಗೆ ಬರುತ್ತದೆ ಅಂತ. ಅಭಿಪ್ರಾಯದ ಫಾರ್ಮ್ ಐದು ದಿನ ತೆರೆದಿಡಿ, ಮೂರನೇ ದಿನ ಒಂದು ಸಲ ನೆನಪಿಸಿ. ಆಮೇಲೆ ಮುಚ್ಚಿ, ಎಣಿಸಿ, ಎರಡು ವಾರದೊಳಗೆ ವರದಿ ಕಳಿಸಿ. ಕಳಿಸುವ ಮುಂಚೆ ತಲೆ ಎಣಿಕೆ ಮಾಡಿದ ಸ್ವಯಂಸೇವಕರಿಗೆ ಒಂದು ಸಲ ಓದಲು ಕೊಡಿ. ಇಡೀ ದಿನ ಹಾಲ್‌ನ ಹಿಂದೆ ನಿಂತು ನೋಡಿದವರು ಅವರೇ, "ಇದು ಹೀಗಿರಲಿಲ್ಲ" ಅನ್ನುವುದು ಏನಾದರೂ ಇದ್ದರೆ ಅವರ ಕಣ್ಣಿಗೇ ಮೊದಲು ಬೀಳುತ್ತದೆ.